ಹೊರಗಿನ ಚಾರ್ಜ್ ಫ್ಲಕ್ಸ್ ಲೆಕ್ಕದಲ್ಲಿ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಸರ್, ನಮ್ಮೂರು ರಾಣೆಬೆನ್ನೂರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ ಓದುತ್ತಿದ್ದೇನೆ. ಫಿಸಿಕ್ಸ್ ಸ್ಲೈಡಿನಲ್ಲಿ ಒಂದು ಮುಚ್ಚಿದ ಆಕಾರ ಬರೆದು, ಒಳಗೆ q₁, q₂, ಹೊರಗೆ q₃ ಅಂತ ತೋರಿಸಿದ್ದಾರೆ. ಕೆಳಗೆ Φ = ∮ E·dA = Q_enc/ε₀ ಅಂತಿದೆ. q₃ನ ಫೀಲ್ಡ್ ಕೂಡ ಆ ಮೇಲ್ಮೈವರೆಗೆ ಬರುತ್ತೆ ಅಲ್ವಾ? ಮತ್ತೆ ಅದನ್ನ ಯಾಕೆ ಲೆಕ್ಕಕ್ಕೆ ತಗೊಳ್ಳಲ್ಲ? E ಅಂದ್ರೆ ಒಳಗಿನ ಚಾರ್ಜುಗಳ ಫೀಲ್ಡ್ ಮಾತ್ರ ಅಂತ ಇಂಟರ್ನಲ್ಸ್‌ನಲ್ಲಿ ಬರೆದೆ, ಮಾರ್ಕ್ಸ್ ಕಟ್ಟಾಯ್ತು. ಸರಿಯಾಗಿ ತಿಳಿಸಿ ಕೊಡ್ತೀರಾ?

ಉತ್ತರ: ಆ ಸಮೀಕರಣದಲ್ಲಿರುವ E ಎಲ್ಲ ಚಾರ್ಜುಗಳೂ ಸೇರಿ ಉಂಟುಮಾಡಿದ ಫೀಲ್ಡ್. q₁, q₂, q₃ ಮೂರರದ್ದೂ ಅದರಲ್ಲಿದೆ. ಬಲಗಡೆ ಮಾತ್ರ q₁ + q₂ ಇರುತ್ತದೆ. ಎಡಗಡೆ ಮೂರು, ಬಲಗಡೆ ಎರಡು. ಇದು ಹೇಗೆ ಸರಿಹೊಂದುತ್ತದೆ ಅನ್ನುವುದರಲ್ಲೇ ಗಾಸ್ ನಿಯಮದ ಜೀವ ಇದೆ. q₃ ಮೇಲ್ಮೈಯ ಪ್ರತಿ ಬಿಂದುವಿನಲ್ಲೂ ಫೀಲ್ಡನ್ನು ಬದಲಾಯಿಸುತ್ತದೆ. ಆದರೆ ಇಡೀ ಮೇಲ್ಮೈ ಸುತ್ತಿ ಕೂಡಿದಾಗ ಅದರ ಪಾಲು ಸೊನ್ನೆಯಾಗುತ್ತದೆ. ಅದನ್ನು ಯಾರೂ ಬೇಕಂತಲೇ ಕೈಬಿಟ್ಟಿಲ್ಲ. ಕೂಡಿಸುವ ಕೆಲಸದಲ್ಲೇ ಅದು ಅಳಿದುಹೋಗುತ್ತದೆ.

ಸ್ಲೈಡಿನಲ್ಲಿ ಜಾಗ ಕಡಿಮೆ, ಹಾಗಾಗಿ "ಒಳಗಿನ ಚಾರ್ಜ್ ಮಾತ್ರ" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಓದುವವರು ಆ "ಮಾತ್ರ"ವನ್ನು E ಗೂ ಅಂಟಿಸಿಬಿಡುತ್ತಾರೆ. ಧಾರವಾಡದಲ್ಲಿ ಪಾಠ ಮಾಡುವ ನನಗೆ ಪ್ರತಿ ವರ್ಷದ ಉತ್ತರ ಪತ್ರಿಕೆಗಳಲ್ಲೂ ಇದೇ ತಪ್ಪು ಕಾಣುತ್ತದೆ. ಆದ್ದರಿಂದ ಸ್ವಲ್ಪ ನಿಧಾನವಾಗಿ, ಲೆಕ್ಕ ಹಾಕಿಯೇ ನೋಡೋಣ.

ಮೊದಲು ಫ್ಲಕ್ಸ್ ಅಂದರೆ ಏನು ಅನ್ನುವುದು ಗಟ್ಟಿಯಾಗಿರಲಿ. ಮೇಲ್ಮೈಯ ಒಂದು ಸಣ್ಣ ತುಂಡು ತೆಗೆದುಕೊಳ್ಳಿ. ಆ ತುಂಡಿಗೆ ಲಂಬವಾಗಿ, ಹೊರಗಡೆ ಮುಖ ಮಾಡಿ ಒಂದು ಬಾಣ ನಿಲ್ಲಿಸಿ. dA ಅನ್ನುವ ವೆಕ್ಟರಿನ ದಿಕ್ಕು ಅದೇ. ಅಲ್ಲಿನ ಫೀಲ್ಡಿನಲ್ಲಿ ಈ ಬಾಣದ ದಿಕ್ಕಿಗೆ ಇರುವ ಭಾಗ ಎಷ್ಟೋ ಅದನ್ನು ತುಂಡಿನ ವಿಸ್ತೀರ್ಣದಿಂದ ಗುಣಿಸಿದರೆ ಆ ತುಂಡಿನ ಫ್ಲಕ್ಸ್ ಸಿಗುತ್ತದೆ. ಫೀಲ್ಡ್ ಹೊರಗೆ ಹೋಗುತ್ತಿದ್ದರೆ ಪ್ಲಸ್, ಒಳಗೆ ಬರುತ್ತಿದ್ದರೆ ಮೈನಸ್. ಮೇಲ್ಮೈಗೆ ಒರಸಿಕೊಂಡು ಹೋಗುತ್ತಿದ್ದರೆ ಸೊನ್ನೆ. ಎಲ್ಲ ತುಂಡುಗಳದ್ದೂ ಕೂಡಿದರೆ ಒಟ್ಟು ಫ್ಲಕ್ಸ್. ಪ್ಲಸ್, ಮೈನಸ್ ಗುರುತು ಇಲ್ಲಿ ಬಹಳ ಮುಖ್ಯ. ಹೊರಗಿನ ಚಾರ್ಜಿನ ಕಥೆಯೆಲ್ಲ ಆ ಗುರುತಿನ ಮೇಲೇ ನಿಂತಿದೆ.

ನಿಮ್ಮ ಕಡೆ ಹೊಲ ನೋಡಿರುತ್ತೀರಿ. ಜೋರು ಮಳೆ ಬಂದಾಗ ಮೇಲಿನ ಹೊಲದ ನೀರು ಒಂದು ಬದು ದಾಟಿ ಒಳಗೆ ಬಂದು, ಕೆಳಗಿನ ಬದು ದಾಟಿ ಹೊರಗೆ ಹೋಗುತ್ತದೆ. ಹೊಲದಲ್ಲಿ ನೀರು ನಿಲ್ಲದೆ ಹರಿಯುತ್ತಿದ್ದರೆ, ನಾಲ್ಕೂ ಬದುವಿನ ಲೆಕ್ಕ ಕೂಡಿದಾಗ ಬಂದಷ್ಟೇ ಹೋಗಿರುತ್ತದೆ. ಹೊಲದೊಳಗೇ ಒಂದು ಬೋರ್‌ವೆಲ್ ನೀರು ಎತ್ತುತ್ತಿದ್ದರೆ ಮಾತ್ರ ಹೊರಹೋದದ್ದು ಜಾಸ್ತಿ ಆಗುತ್ತದೆ, ಆ ಜಾಸ್ತಿಯೂ ಬೋರ್‌ವೆಲ್ ಕೊಟ್ಟಷ್ಟೇ. ಹೋಲಿಕೆ ಇಲ್ಲಿಗೆ ಸಾಕು. ಫೀಲ್ಡಿನಲ್ಲಿ ನಿಜವಾಗಿ ಏನೂ ಹರಿಯುವುದಿಲ್ಲ ಅನ್ನುವುದನ್ನು ಮರೆಯಬೇಡಿ.

ಹಾಗಾದರೆ ಹರಿಯದ ವಸ್ತುವಿಗೆ ಈ "ಬಂದಷ್ಟೇ ಹೋಗುವ" ಲೆಕ್ಕ ಎಲ್ಲಿಂದ ಬಂತು? ಕೂಲಂಬ್ ನಿಯಮದಿಂದ. ಒಂದು ಬಿಂದು ಚಾರ್ಜಿನ ಫೀಲ್ಡ್ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಈಗ q₃ ಇರುವ ಜಾಗದಿಂದ ನಿಮ್ಮ ಮುಚ್ಚಿದ ಮೇಲ್ಮೈ ಕಡೆಗೆ ಒಂದು ಸಪೂರ ಶಂಕು ಎಳೆಯಿರಿ. ಅದು ಮೊದಲು ಹತ್ತಿರದ ಗೋಡೆಯನ್ನು ಕತ್ತರಿಸಿ ಒಳಗೆ ನುಗ್ಗುತ್ತದೆ, ಆಮೇಲೆ ದೂರದ ಗೋಡೆಯನ್ನು ಕತ್ತರಿಸಿ ಹೊರಬೀಳುತ್ತದೆ. ದೂರದ ಗೋಡೆ ಎರಡು ಪಟ್ಟು ದೂರದಲ್ಲಿದೆ ಅಂದುಕೊಳ್ಳಿ. ಅಲ್ಲಿ ಫೀಲ್ಡ್ ನಾಲ್ಕನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಆದರೆ ಶಂಕು ಕತ್ತರಿಸುವ ತುಂಡಿನ ವಿಸ್ತೀರ್ಣ ನಾಲ್ಕು ಪಟ್ಟು ಆಗಿರುತ್ತದೆ. ಗುಣಿಸಿದರೆ ಎರಡೂ ಕಡೆ ಒಂದೇ ಸಂಖ್ಯೆ. ಹತ್ತಿರದ ತುಂಡಿನಲ್ಲಿ ಅದು ಮೈನಸ್, ದೂರದ ತುಂಡಿನಲ್ಲಿ ಪ್ಲಸ್. ಕೂಡಿದರೆ ಸೊನ್ನೆ.

ಗೋಡೆ ಓರೆಯಾಗಿದ್ದರೆ? ಆಗ ಶಂಕು ಕತ್ತರಿಸುವ ತುಂಡು ದೊಡ್ಡದಾಗುತ್ತದೆ, ಆದರೆ ಅದಕ್ಕೆ ಲಂಬವಾಗಿರುವ ಫೀಲ್ಡಿನ ಭಾಗ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಒಂದು ಕಡೆ cos θ ಇಂದ ಭಾಗಿಸಿದ್ದು, ಇನ್ನೊಂದು ಕಡೆ cos θ ಇಂದ ಗುಣಿಸಿದ್ದು. ಹಾಗಾಗಿ ಮೇಲ್ಮೈ ಎಂಥ ಆಕಾರದಲ್ಲಿದ್ದರೂ ಲೆಕ್ಕ ಕೆಡುವುದಿಲ್ಲ. ಹೊರಗಿನ ಚಾರ್ಜಿನಿಂದ ಹೊರಟ ಪ್ರತಿ ಶಂಕುವೂ ಮೇಲ್ಮೈಯನ್ನು ಎಷ್ಟು ಸಲ ಹೊಕ್ಕುತ್ತದೋ ಅಷ್ಟೇ ಸಲ ಹೊರಬರಲೇಬೇಕು. ಒಳಗಿರುವ ಚಾರ್ಜಿನ ಶಂಕು ಹಾಗಲ್ಲ. ಅದು ಹುಟ್ಟಿದ್ದೇ ಒಳಗೆ, ಹಾಗಾಗಿ ಹೊರಗೆ ಹೋಗುವುದು ಒಳಗೆ ಬರುವುದಕ್ಕಿಂತ ಯಾವಾಗಲೂ ಒಂದು ಸಲ ಜಾಸ್ತಿ.

ಫೀಲ್ಡ್ ದೂರದ ವರ್ಗಕ್ಕಲ್ಲದೆ 2.1ನೇ ಘಾತಕ್ಕೆ ತಕ್ಕಂತೆ ಕುಗ್ಗುತ್ತಿದ್ದರೆ ಈ ಹೊಂದಾಣಿಕೆ ಮುರಿದುಬೀಳುತ್ತಿತ್ತು. ಆಗ ಹೊರಗಿನ ಚಾರ್ಜೂ ಒಟ್ಟು ಫ್ಲಕ್ಸಿನಲ್ಲಿ ಕಾಣಿಸಿಕೊಳ್ಳುತ್ತಿತ್ತು. ಸ್ಲೈಡಿನಲ್ಲಿ ಈ ಸಾಲು ಸಾಮಾನ್ಯವಾಗಿ ಇರುವುದಿಲ್ಲ, ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಈಗ ಅಂಕಿಗಳಿಗೆ ಬರೋಣ. ಪ್ರತಿ ಬದಿ 10 ಸೆಂಟಿಮೀಟರ್ ಇರುವ ಒಂದು ಘನ ತೆಗೆದುಕೊಳ್ಳಿ. ಇದು ಪೆಟ್ಟಿಗೆಯಲ್ಲ, ಬರೀ ಕಲ್ಪನೆಯ ಮೇಲ್ಮೈ. ಅದರ ನಟ್ಟನಡುವೆ +2 ನ್ಯಾನೋಕೂಲಂಬ್ ಚಾರ್ಜ್ ಇಡಿ. ε₀ ಬೆಲೆ 8.854 × 10⁻¹². ಒಟ್ಟು ಫ್ಲಕ್ಸ್:

Φ = (2 × 10⁻⁹) / (8.854 × 10⁻¹²) ≈ 225.9 N·m²/C

ಘನದ ಆರೂ ಮುಖಗಳು ಚಾರ್ಜಿಗೆ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಪ್ರತಿ ಮುಖಕ್ಕೆ ಆರನೇ ಒಂದು ಭಾಗ, ಅಂದರೆ 37.65. ಎಲ್ಲವೂ ಪ್ಲಸ್. ಇಲ್ಲಿಯವರೆಗೆ ಪಿಯುಸಿಯಲ್ಲೇ ಮಾಡಿರುತ್ತೀರಿ.

ಇನ್ನು ಹೊರಗಿನ ಚಾರ್ಜ್. ಘನದ ಬಲಗಡೆ ಮುಖದ ಆಚೆ, ಆ ಮುಖದ ನಡುಬಿಂದುವಿಗೆ ನೇರವಾಗಿ 5 ಸೆಂಟಿಮೀಟರ್ ದೂರದಲ್ಲಿ ಇನ್ನೊಂದು +2 ನ್ಯಾನೋಕೂಲಂಬ್ ಇಡಿ. ಈ ಜಾಗ ಸುಮ್ನೆ ಆರಿಸಿದ್ದಲ್ಲ. ಮೊದಲ ಘನಕ್ಕೆ ಅಂಟಿಕೊಂಡು ಅಷ್ಟೇ ದೊಡ್ಡ ಎರಡನೇ ಘನ ಇದ್ದರೆ ಈ ಚಾರ್ಜ್ ಅದರ ನಟ್ಟನಡುವೆ ಕೂರುತ್ತದೆ. ಹಾಗಾಗಿ ಎರಡೂ ಘನಕ್ಕೆ ಸೇರಿದ ಆ ನಡುವಿನ ಮುಖದ ಮೂಲಕ ಹೊರಗಿನ ಚಾರ್ಜಿನ ಫ್ಲಕ್ಸೂ 37.65 ಅಂತ ಲೆಕ್ಕ ಮಾಡದೆಯೇ ಹೇಳಬಹುದು. ನಮ್ಮ ಘನದ ದೃಷ್ಟಿಯಿಂದ ಅದು ಒಳಗೆ ಬರುತ್ತಿದೆ, ಆದ್ದರಿಂದ ಮೈನಸ್ 37.65.

ಬಲಗಡೆ ಮುಖದಲ್ಲಿ ಒಳಗಿನ ಚಾರ್ಜಿನದ್ದು +37.65, ಹೊರಗಿನದ್ದು −37.65. ಆ ಮುಖದ ಫ್ಲಕ್ಸ್ ಪೂರ್ತಿ ಸೊನ್ನೆಯಾಯಿತು! ಹೊರಗಿನ ಚಾರ್ಜ್ ಏನೂ ಮಾಡುವುದಿಲ್ಲ ಅನ್ನುವವರು ಈ ಮುಖವನ್ನು ನೋಡಬೇಕು. ಆರನೇ ಒಂದು ಭಾಗದಷ್ಟು ಫ್ಲಕ್ಸನ್ನೇ ಅದು ಒರೆಸಿಹಾಕಿದೆ.

ಹಾಗಾದರೆ ಒಟ್ಟು ಫ್ಲಕ್ಸ್ 225.9 ಆಗಿ ಉಳಿಯುವುದು ಹೇಗೆ? ಒಳಬಂದ 37.65 ಉಳಿದ ಐದು ಮುಖಗಳಿಂದ ಹೊರಗೆ ಹೋಗಬೇಕು. ಎದುರಿನ ಎಡಗಡೆ ಮುಖ ಹೊರಗಿನ ಚಾರ್ಜಿನಿಂದ 15 ಸೆಂಟಿಮೀಟರ್ ದೂರದಲ್ಲಿದೆ. ಚಾರ್ಜಿನ ಜಾಗದಿಂದ ನೋಡಿದಾಗ ಒಂದು ಚೌಕ ಎಷ್ಟು ಘನಕೋನ ತುಂಬುತ್ತದೆ ಅನ್ನುವುದಕ್ಕೆ ಸೂತ್ರ ಇದೆ. ಬದಿ a, ಚೌಕದ ನಡುಬಿಂದುವಿಗೆ ನೇರ ದೂರ d ಆದರೆ:

Ω = 4 tan⁻¹[ a² / (2d √(4d² + 2a²)) ]

ಇದರಲ್ಲಿ a = 10, d = 5 ಹಾಕಿ ನೋಡಿ. 4π/6 ಬರುತ್ತದೆ, ಅಂದರೆ ಸರಿಯಾಗಿ ಆರನೇ ಒಂದು ಭಾಗ. ಸೂತ್ರ ನಂಬಬಹುದು. ಕ್ಯಾಲ್ಕುಲೇಟರ್ ರೇಡಿಯನ್ ಮೋಡಿನಲ್ಲಿರಲಿ. ಈಗ d = 15 ಹಾಕಿದರೆ ಸುಮಾರು 0.4007 ಬರುತ್ತದೆ. ಇದನ್ನು 4π ಇಂದ ಭಾಗಿಸಿ 225.9 ಇಂದ ಗುಣಿಸಿದರೆ 7.20. ಎಡಗಡೆ ಮುಖದಿಂದ ಇಷ್ಟು ಹೊರಗೆ ಹೋಯಿತು. ಉಳಿದ 30.45 ಮೇಲೆ, ಕೆಳಗೆ, ಮುಂದೆ, ಹಿಂದೆ ಇರುವ ನಾಲ್ಕು ಮುಖಗಳಿಗೆ ಸಮನಾಗಿ ಹಂಚಿಹೋಗುತ್ತದೆ, ತಲಾ 7.61.

ಎರಡೂ ಚಾರ್ಜ್ ಸೇರಿದಾಗ ಒಟ್ಟು ಚಿತ್ರ ಹೀಗೆ: ಬಲಗಡೆ ಮುಖ 0, ಎಡಗಡೆ ಮುಖ 44.85, ಉಳಿದ ನಾಲ್ಕು ಮುಖ ತಲಾ 45.26. ಕೂಡಿ ನೋಡಿ, ದಶಾಂಶ ದುಂಡಾಗಿಸಿದ ಸಣ್ಣ ವ್ಯತ್ಯಾಸ ಬಿಟ್ಟರೆ 225.9. ಒಂದೊಂದು ಮುಖದ ಸಂಖ್ಯೆಯೂ ಬದಲಾಗಿದೆ. ಮೊತ್ತ ಮಾತ್ರ ಅಲ್ಲಾಡಿಲ್ಲ.

ಇಲ್ಲೊಂದು ಎಚ್ಚರಿಕೆ. ಹೊರಗಿನ ಚಾರ್ಜಿನ ಪಾಲನ್ನು ನಾಲ್ಕು ಮುಖಗಳಿಗೆ ಹಂಚುವಾಗ ನಾನು "ಒಳಬಂದದ್ದು ಹೊರಹೋಗಬೇಕು" ಅನ್ನುವುದನ್ನೇ ಬಳಸಿದ್ದೇನೆ. ಹಾಗಾಗಿ ಈ ಮೊತ್ತವನ್ನೇ ನಿಯಮದ ಪುರಾವೆ ಅಂತ ತಿಳಿಯಬೇಡಿ. ಪುರಾವೆ ಮೇಲಿನ ಶಂಕುವಿನ ವಾದದಲ್ಲಿದೆ. ಕಂಪ್ಯೂಟರ್ ಲ್ಯಾಬಿನಲ್ಲಿ ಸಮಯ ಸಿಕ್ಕರೆ ಪಕ್ಕದ ಮುಖದ ಮೇಲೆ ನೇರವಾಗಿಯೇ ಕೂಡಿಸಿ ನೋಡಬಹುದು. ಹೊರಗಿನ ಚಾರ್ಜನ್ನು ಮೂಲಬಿಂದುವಿನಲ್ಲಿಟ್ಟು, ಮೇಲಿನ ಮುಖವನ್ನು ಸಣ್ಣ ಚೌಕಗಳಾಗಿ ಒಡೆದರೆ ಇಷ್ಟೇ ಕೋಡ್ ಸಾಕು:

```python
k, q, n = 8.988e9, 2e-9, 400
h = 0.10 / n
s = 0
for i in range(n):
    for j in range(n):
        x = 0.05 + (i + 0.5) * h
        z = -0.05 + (j + 0.5) * h
        r2 = x*x + 0.05**2 + z*z
        s += k * q * 0.05 / r2**1.5 * h * h
print(s)
```

ಉತ್ತರ 7.61ರ ಹತ್ತಿರ ಬರುತ್ತದೆ. ಇದರಲ್ಲಿ ಗಾಸ್ ನಿಯಮ ಎಲ್ಲೂ ಇಲ್ಲ, ಬರೀ ಕೂಲಂಬ್ ನಿಯಮ ಇದೆ.

ಈಗ ಬಲಗಡೆ ಮುಖಕ್ಕೆ ವಾಪಸ್ ಬನ್ನಿ. ಫ್ಲಕ್ಸ್ ಸೊನ್ನೆ. ಹಾಗಾದರೆ ಅಲ್ಲಿ ಫೀಲ್ಡೂ ಸೊನ್ನೆಯಾ? ಮುಖದ ನಡುಬಿಂದುವಿನಲ್ಲಿ ಹೌದು. ಎರಡು ಸಮಾನ ಚಾರ್ಜುಗಳು ಎದುರುಬದುರು ತಳ್ಳಿ ಅಲ್ಲಿ ಫೀಲ್ಡ್ ಸತ್ತಿರುತ್ತದೆ. ಆದರೆ ಅದೇ ಮುಖದ ಮೇಲಂಚಿನ ಮಧ್ಯಕ್ಕೆ ಹೋಗಿ. ಅಲ್ಲಿಂದ ಎರಡೂ ಚಾರ್ಜ್ 7.07 ಸೆಂಟಿಮೀಟರ್ ದೂರದಲ್ಲಿವೆ. ಒಂದೊಂದೂ ಅಲ್ಲಿ ಸುಮಾರು 3595 N/C ಫೀಲ್ಡ್ ಕೊಡುತ್ತದೆ, 45 ಡಿಗ್ರಿ ಓರೆಯಲ್ಲಿ. ಎಡಬಲದ ಭಾಗಗಳು ಒಂದನ್ನೊಂದು ಅಳಿಸುತ್ತವೆ. ಮೇಲ್ಮುಖದ ಭಾಗಗಳು ಕೂಡಿಕೊಳ್ಳುತ್ತವೆ. ಒಟ್ಟು ಸುಮಾರು 5080 N/C, ನೇರ ಮೇಲಕ್ಕೆ. ಇದು ಕಡಿಮೆ ಫೀಲ್ಡೇನಲ್ಲ. ಆದರೆ ಇದು ಮುಖವನ್ನು ದಾಟುತ್ತಿಲ್ಲ, ಮುಖಕ್ಕೆ ಒರಸಿಕೊಂಡು ಹೋಗುತ್ತಿದೆ. ಹಾಗಾಗಿ ಫ್ಲಕ್ಸಿಗೆ ಅದರ ಕೊಡುಗೆ ಸೊನ್ನೆ.

ಫ್ಲಕ್ಸ್ ಸೊನ್ನೆ ಅಂದರೆ ಫೀಲ್ಡ್ ಸೊನ್ನೆ ಅಂತ ಬರೆಯುವುದು ಇದಕ್ಕೇ ತಪ್ಪು. ಮುಚ್ಚಿದ ಮೇಲ್ಮೈಗೂ ಇದೇ ಮಾತು. ಒಳಗಿನ ಚಾರ್ಜನ್ನು ತೆಗೆದು ಹೊರಗಿನದ್ದನ್ನು ಮಾತ್ರ ಉಳಿಸಿದರೆ ಒಟ್ಟು ಫ್ಲಕ್ಸ್ ಸೊನ್ನೆಯಾಗುತ್ತದೆ. ಆದರೆ ಘನದ ಯಾವ ಮುಖದಲ್ಲೂ, ಯಾವ ಬಿಂದುವಿನಲ್ಲೂ ಫೀಲ್ಡ್ ಸೊನ್ನೆ ಇರುವುದಿಲ್ಲ.

ನಿಮ್ಮ ಇಂಟರ್ನಲ್ಸ್ ಉತ್ತರದ ಬೇರು ಎಲ್ಲಿರಬಹುದು ಅನ್ನುವುದೂ ಇಲ್ಲೇ ಸಿಗುತ್ತದೆ. ಗಾಸ್ ನಿಯಮ ಹೇಳಿಕೊಟ್ಟ ಕೂಡಲೇ ಅದರಿಂದ ಫೀಲ್ಡ್ ಕಂಡುಹಿಡಿಯುವ ಲೆಕ್ಕಗಳು ಬರುತ್ತವೆ: ಉದ್ದ ತಂತಿ, ಗೋಳ, ಅಗಲವಾದ ತಗಡು. ಅಲ್ಲೆಲ್ಲ E ಅನ್ನು ಇಂಟಿಗ್ರಲ್‌ನಿಂದ ಹೊರತೆಗೆದು E × ವಿಸ್ತೀರ್ಣ = Q/ε₀ ಅಂತ ಬರೆಯುತ್ತೇವೆ. ಕೊನೆಗೆ ಸಿಗುವ E ಯಲ್ಲಿ ಒಳಗಿನ ಚಾರ್ಜ್ ಮಾತ್ರ ಕಾಣುತ್ತದೆ. ಇದನ್ನು ನೋಡಿ ನೋಡಿ "E ಅಂದರೆ ಒಳಗಿನದ್ದು" ಅನ್ನುವುದು ತಲೆಯಲ್ಲಿ ಕೂತುಬಿಡುತ್ತದೆ. ಆದರೆ E ಹೊರಗೆ ಬರುವುದು ಒಂದೇ ಷರತ್ತಿನ ಮೇಲೆ. ನಾವು ಆರಿಸಿದ ಮೇಲ್ಮೈಯಲ್ಲಿ, ಫೀಲ್ಡ್ ದಾಟುವ ಕಡೆಯೆಲ್ಲ ಅದರ ಲಂಬ ಭಾಗ ಒಂದೇ ಬೆಲೆಯದ್ದಾಗಿರಬೇಕು. ಚಾರ್ಜ್ ಹಂಚಿಕೆಯಲ್ಲಿ ಆ ಸಮತೆ ಇದ್ದರೆ ಮಾತ್ರ ಇದು ಸಾಧ್ಯ. ಗೋಳದ ಪಕ್ಕ ಒಂದು q₃ ತಂದಿಡಿ, ಸಮತೆ ಹೋಯಿತು. ಆಗಲೂ ಗಾಸ್ ನಿಯಮ ಅಷ್ಟೇ ಸತ್ಯ, ಒಟ್ಟು ಫ್ಲಕ್ಸ್ ಅಷ್ಟೇ. ಆದರೆ ಅದರಿಂದ ಒಂದು ಬಿಂದುವಿನ E ಯನ್ನು ಎಳೆದು ತೆಗೆಯಲು ಬರುವುದಿಲ್ಲ. ನಮ್ಮ ಎರಡು ಚಾರ್ಜುಗಳ ಘನದಲ್ಲಿ 5080 N/C ಸಿಕ್ಕಿದ್ದು ಕೂಲಂಬ್ ನಿಯಮದಿಂದ ಅನ್ನುವುದನ್ನು ಗಮನಿಸಿರುತ್ತೀರಿ.

ಚಾರ್ಜ್ ಸರಿಯಾಗಿ ಮೇಲ್ಮೈ ಮೇಲೇ ಕೂತಿದ್ದರೆ ಏನು ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಬಿಂದು ಚಾರ್ಜಿಗೆ ಅದು ಒಳಗೂ ಅಲ್ಲ, ಹೊರಗೂ ಅಲ್ಲ. ಪರೀಕ್ಷೆಯಲ್ಲಿ "ಘನದ ಮೂಲೆಯಲ್ಲಿ ಚಾರ್ಜ್ ಇದೆ" ಅಂತ ಕೇಳಿದರೆ ಆ ಮೂಲೆಯ ಸುತ್ತ ಅಂಥ ಎಂಟು ಘನ ಜೋಡಿಸಿ, ಒಂದರ ಪಾಲು q/8ε₀ ಅಂತ ಬರೆಯಿರಿ. ಮುಖದ ಮೇಲಿದ್ದರೆ q/2ε₀.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಮುಂದೆ ಗೊಂದಲ ಆಗಬಾರದು. ಎಲೆಕ್ಟ್ರಾನಿಕ್ಸ್ ಅಥವಾ ಎಲೆಕ್ಟ್ರಿಕಲ್ ಬ್ರಾಂಚ್ ತೆಗೆದುಕೊಂಡರೆ ಫೀಲ್ಡ್ ಥಿಯರಿ ಬರುತ್ತದೆ. ಅಲ್ಲಿನ ಪುಸ್ತಕಗಳು ಫ್ಲಕ್ಸನ್ನು E ಬದಲು D ಇಂದ ಲೆಕ್ಕ ಹಾಕಿ ψ = Q ಅಂತ ಬರೆಯುತ್ತವೆ. ನಿರ್ವಾತದಲ್ಲಿ D ಅಂದರೆ ε₀E. ಹಾಗಾಗಿ ನಮ್ಮ ಘನದ ಫ್ಲಕ್ಸ್ ಅಲ್ಲಿ 225.9 ಅಲ್ಲ, 2 ನ್ಯಾನೋಕೂಲಂಬ್. ಎರಡೂ ಒಂದೇ ನಿಯಮ, ε₀ ಯಾವ ಕಡೆ ಕೂತಿದೆ ಅನ್ನುವುದಷ್ಟೇ ಬೇರೆ. ಉತ್ತರದ ಘಟಕ ನೋಡಿದರೆ ಯಾವುದರಲ್ಲಿ ಕೇಳಿದ್ದಾರೆ ಅಂತ ಗೊತ್ತಾಗುತ್ತದೆ.

ನಿಮ್ಮ ನೋಟ್ಸಿನಲ್ಲಿ ಆ ಸ್ಲೈಡಿನ ಚಿತ್ರ ಇದ್ದರೆ ಎರಡು ತಿದ್ದುಪಡಿ ಮಾಡಿಕೊಳ್ಳಿ. E ಪಕ್ಕದಲ್ಲಿ "q₁, q₂, q₃ ಮೂರರದ್ದೂ" ಅಂತ ಬರೆಯಿರಿ. q₃ ಇಂದ ಒಂದು ಗೆರೆ ಎಳೆದು, ಅದು ಒಳಹೊಕ್ಕುವಲ್ಲಿ ಮೈನಸ್, ಹೊರಬೀಳುವಲ್ಲಿ ಪ್ಲಸ್ ಹಾಕಿ. ಆಮೇಲೆ ನಮ್ಮ ಘನದ ಲೆಕ್ಕವನ್ನೇ ಹೊರಗಿನ ಚಾರ್ಜ್ −2 ನ್ಯಾನೋಕೂಲಂಬ್ ಅಂತ ಬದಲಿಸಿ ಮಾಡಿ. ಬಲಗಡೆ ಮುಖದಲ್ಲಿ 75.30, ಎಡಗಡೆ ಮುಖದಲ್ಲಿ 30.45, ಉಳಿದ ನಾಲ್ಕರಲ್ಲಿ ತಲಾ 30.04 ಬಂದರೆ ನಿಮ್ಮ ಲೆಕ್ಕ ಸರಿ.